ಆಕ್ಸಿಜನ್ ಕಾಂತದತ್ತ ಸರಿಯುವುದೇಕೆ?

ಪ್ರಶ್ನೆ: ಸಿಂಧನೂರಿನಲ್ಲಿ ಸೆಕೆಂಡ್ ಪಿಯುಸಿ ಓದ್ತಿದ್ದೀನಿ ಸರ್. O₂ ಚಿತ್ರದಲ್ಲಿ ಡಬಲ್ ಬಾಂಡ್, ಎಲ್ಲಾ ಎಲೆಕ್ಟ್ರಾನ್‌ಗಳೂ ಜೋಡಿ. ಮತ್ತೆ ಅದು ಪ್ಯಾರಾಮ್ಯಾಗ್ನೆಟಿಕ್ ಹೇಗೆ?

ಚುಕ್ಕಿ ಇಟ್ಟು ಬರೆಯುವ ಲೂಯಿಸ್ ಚಿತ್ರ ಬಾಂಡ್ ಎಷ್ಟು ಅನ್ನುವುದನ್ನು ಸರಿಯಾಗಿ ಹೇಳುತ್ತದೆ. ಕೊನೆಯ ಎರಡು ಎಲೆಕ್ಟ್ರಾನ್ ಎಲ್ಲಿ ಕೂತಿವೆ ಅನ್ನುವುದು ಅದರಲ್ಲಿ ಕಾಣಲ್ಲ. ಅದಕ್ಕೆ ಎಂಓ ಡಯಾಗ್ರಾಮ್ ಬೇಕು.

ಒಂದೊಂದು ಆಕ್ಸಿಜನ್ ಪರಮಾಣುವಿನ ಹೊರ ಕವಚದಲ್ಲಿ 6 ಎಲೆಕ್ಟ್ರಾನ್, ಒಟ್ಟು 12. ಕೆಳಗಿನಿಂದ ತುಂಬುತ್ತಾ ಬನ್ನಿ:

```
σ*2p   ( )
π*2p   (↑ )  (↑ )
π2p    (↑↓)  (↑↓)
σ2p    (↑↓)
σ*2s   (↑↓)
σ2s    (↑↓)
```

π2p ತುಂಬುವಷ್ಟರಲ್ಲಿ 10 ಮುಗಿದವು. ಉಳಿದ ಎರಡು π*2p ಗೆ ಹೋಗಬೇಕು. ಅಲ್ಲಿ ಎರಡು ಮನೆ ಇವೆ, ಒಂದು x ಕಡೆಯದು, ಇನ್ನೊಂದು y ಕಡೆಯದು. ಬಾಂಡ್ ಇರುವುದು z ಉದ್ದಕ್ಕೆ. ಹಾಗಾಗಿ x ಮನೆಯನ್ನು 90 ಡಿಗ್ರಿ ತಿರುಗಿಸಿದರೆ ಅದೇ y ಮನೆ, ಶಕ್ತಿಯಲ್ಲಿ ಚೂರೂ ವ್ಯತ್ಯಾಸವಿಲ್ಲ. ಬಾಡಿಗೆ ಒಂದೇ ಆದ ಎರಡು ಖಾಲಿ ಮನೆ ಇರುವಾಗ ಇಬ್ಬರು ಒಂದರಲ್ಲೇ ಯಾಕೆ ಇಕ್ಕಟ್ಟು ಮಾಡಿಕೊಳ್ಳಬೇಕು, ಅಲ್ವಾ? ಒಂದೊಂದರಲ್ಲಿ ಒಂದೊಂದು ಕೂರುತ್ತದೆ, ಸ್ಪಿನ್ ಎರಡಕ್ಕೂ ಒಂದೇ ದಿಕ್ಕು. ಇದೇ ಹುಂಡ್ ನಿಯಮ. ಜೋಡಿಯಿಲ್ಲದ ಈ ಎರಡೇ O₂ ಅನ್ನು ಪ್ಯಾರಾಮ್ಯಾಗ್ನೆಟಿಕ್ ಮಾಡುತ್ತವೆ. ಲೆಕ್ಕ ಹಾಕಿದರೆ √(2×4) = 2.83 BM.

ನನ್ನ ಅಕ್ಕನ ಮಗ ಮೊನ್ನೆ ಎರಡೂ ಬಾಣಗಳನ್ನು ಒಂದೇ π* ಡಬ್ಬಿಯಲ್ಲಿ ಹಾಕಿದ್ದ. ಬಾಂಡ್ ಆರ್ಡರ್ (8−4)/2 = 2 ಬಂತು, ಸರಿ ಇದೆ ಅಂತ ಮುಂದೆ ಹೋದ. ಹೇಗೆ ಹಾಕಿದರೂ 2 ಬರುತ್ತದೆ. ಆ ಲೆಕ್ಕ ನಂಬಿ ತಪ್ಪು ಹಿಡಿಯಲಾಗದು, ಬಾಣಗಳನ್ನೇ ನೋಡಬೇಕು. ಇನ್ನು σ2p, π2p ಎರಡರಲ್ಲಿ ಯಾವುದು ಕೆಳಗೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. N₂ ದಲ್ಲಿ π ಕೆಳಗೆ, O₂ ದಲ್ಲಿ σ ಕೆಳಗೆ. O₂ ದಲ್ಲಿ ಎರಡೂ ತುಂಬಿರುವುದರಿಂದ ಕಾಂತದ ಉತ್ತರ ಬದಲಾಗಲ್ಲ. ಆದರೆ ಚಿತ್ರಕ್ಕೆ ಅಂಕ ಇರುತ್ತದೆ, ಸರಿಯಾಗಿಯೇ ಬರೆಯಿರಿ.

ನಾನು ತೋರಣಗಲ್ಲು ಕಡೆ ಒಂದು ಪ್ಲಾಂಟಿನಲ್ಲಿ ಮೀಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಗ್ಯಾಸಿನಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ ಯಂತ್ರವೊಂದರಲ್ಲಿ ನೈಟ್ರೋಜನ್ ತುಂಬಿದ ಎರಡು ಪುಟ್ಟ ಗಾಜಿನ ಗುಂಡುಗಳು ಡಂಬೆಲ್ ಥರ ಕಾಂತದ ನಡುವೆ ತೂಗುತ್ತವೆ. ಆಕ್ಸಿಜನ್ ಬಂದರೆ ಅದು ಕಾಂತ ಜೋರಾಗಿರುವ ಕಡೆ ನುಗ್ಗಿ ಗುಂಡುಗಳನ್ನು ಆಚೆ ತಳ್ಳುತ್ತದೆ. ಡಂಬೆಲ್ ತಿರುಗುತ್ತದೆ, ಆ ತಿರುವೇ ನಮಗೆ ರೀಡಿಂಗ್. ನೈಟ್ರೋಜನ್‌ಗೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇಲ್ಲ, ಅದು ಗುಂಡುಗಳನ್ನು ತಳ್ಳುವುದಿಲ್ಲ. ಆದರೆ ಹೊಗೆಯಲ್ಲಿ NO ಜಾಸ್ತಿ ಇದ್ದರೆ ರೀಡಿಂಗ್ ಸುಳ್ಳಾಗಿ ಏರುತ್ತದೆ. NO ದ π* ನಲ್ಲೂ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇದೆ.