ಶೇರು ₹120 ದಾಟುವ ಸಾಧ್ಯತೆ: ಎಕ್ಸೆಲ್ ಲೆಕ್ಕ

ಪ್ರಶ್ನೆ: ಉಡುಪಿಯಲ್ಲಿ ಬಿಕಾಂ ಓದುತ್ತಿದ್ದೇನೆ. ₹100ರ ಶೇರು ವರ್ಷದ ಕೊನೆಗೆ ₹120ರ ಮೇಲಿರುವ ಸಾಧ್ಯತೆ ಎಕ್ಸೆಲ್‌ನಲ್ಲಿ ತಿಳಿಯೋದು ಹೇಗೆ?

ಉತ್ತರ: ಈ ಸೂತ್ರವನ್ನು 10,000 ಸಾಲಿಗೆ ಎಳೆಯಿರಿ. 120 ದಾಟಿದ ಸಾಲುಗಳ ಪಾಲೇ ಸಾಧ್ಯತೆ.

```
=100*EXP(0.12-0.25^2/2+0.25*NORM.S.INV(RAND()))
```

ಇಲ್ಲಿ ವರ್ಷದ ಏರಿಕೆ ಕ್ಷಣಕ್ಷಣವೂ ಸೇರುವ ಚಕ್ರಬಡ್ಡಿಯಂತೆ ಶೇ 12, ಏರಿಳಿತ ಶೇ 25. ಉತ್ತರ ಸುಮಾರು ಶೇ 35. ಕೊನೆಯ ಬೆಲೆ ಮಾತ್ರ ಬೇಕಲ್ವಾ, ಹಾಗಾಗಿ ದಿನದಿನದ ಹಾದಿ ಬಿಡಿಸಬೇಕಿಲ್ಲ, ವರ್ಷಕ್ಕೆ ಒಂದೇ ಜಿಗಿತ ಸಾಕು.

ಜಾಸ್ತಿ ಜನ ಮರೆಯುವುದು 0.25^2/2 ಕಳೆಯುವುದನ್ನು. EXP ಒಳಗೆ +0.25 ಹಾಕಿದರೆ 100 ಇದ್ದದ್ದು 128 ಆಗುತ್ತದೆ, -0.25 ಹಾಕಿದರೆ 78. ಸರಾಸರಿ 103! ಏರಿಳಿತದಿಂದಲೇ ಸುಮ್ನೆ ಸೇರಿದ ಆ 3ನ್ನು ತೆಗೆಯಬೇಕು. ಇಡೀ ಕಾಲಂನ ಸರಾಸರಿ 113ರ ಹತ್ತಿರ ಬಂದರೆ ಲೆಕ್ಕ ಸರಿ. 116 ಬಂದರೆ ಕಳೆಯಲು ಮರೆತಿದ್ದೀರಿ, ಸಾಧ್ಯತೆಯೂ ಶೇ 40 ಅಂತ ತೋರಿಸುತ್ತದೆ.

ಶೇ 12 ಅನ್ನುವುದು ಬರೀ ಊಹೆ. ಶೇ 6 ಹಾಕಿ ನೋಡಿ, ಉತ್ತರ ಶೇ 27ಕ್ಕೆ ಇಳಿಯುತ್ತದೆ.