ಒಂಬತ್ತು ಮುಖಿಯಲ್ಲಿ ಕೊರೆದ ಗೆರೆ ಎಷ್ಟು, ಹುಟ್ಟಿದ ಗೆರೆ ಎಷ್ಟು?

ಪ್ರಶ್ನೆ: ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಒಂಬತ್ತು ಮುಖಿ ರುದ್ರಾಕ್ಷಿ ಅಂತ ನಾಲ್ಕು ಸಾವಿರ ರೂಪಾಯಿ ಕೊಟ್ಟು ತಂದೆವು. ಅಂಗಡಿಯವರು ನೀರಿಗೆ ಹಾಕಿ ತೋರಿಸಿದರು, ಮುಳುಗಿತು. ಎರಡು ತಾಮ್ರದ ನಾಣ್ಯದ ಮಧ್ಯೆ ಹಿಡಿದರು, ತಿರುಗಿತು. ಈಗ ಮನೆಗೆ ಬಂದ ನೆಂಟರೊಬ್ಬರು ಇದು ಕೆತ್ತಿದ್ದು ಅಂತಿದ್ದಾರೆ. ನಾವೇ ನೋಡಿ ತಿಳಿಯುವುದು ಹೇಗೆ? ಫೋಟೊ ಕಳಿಸಿದ್ದೇನೆ.
(ಓದುಗರು, ತೀರ್ಥಹಳ್ಳಿ)

ಉತ್ತರ: ಫೋಟೊ ನೋಡಿದರೆ ಇದು ರುದ್ರಾಕ್ಷಿಯೇ. ಆದರೆ ಐದು ಮುಖಿ ರುದ್ರಾಕ್ಷಿಗೆ ನಾಲ್ಕು ಗೆರೆ ಕೊರೆದಿದ್ದಾರೆ ಎಂಬ ಅನುಮಾನ ನನಗೆ ಬಲವಾಗಿದೆ. ಯಾಕೆ ಅಂತ ಹೇಳುತ್ತೇನೆ, ನೀವೇ ಕೈಯಲ್ಲಿ ಹಿಡಿದು ಪರೀಕ್ಷಿಸಿ.

ರುದ್ರಾಕ್ಷಿ ಅಂದರೆ ಹಣ್ಣಿನ ಒಳಗಿನ ಗಟ್ಟಿ ಗೊರಟು. ನೀಲಿ ಬಣ್ಣದ ಹಣ್ಣನ್ನು ನೀರಲ್ಲಿ ನೆನೆಸಿ, ತಿರುಳು ಬಿಡಿಸಿ, ಬ್ರಷ್ ಹಾಕಿ ತಿಕ್ಕಿದರೆ ಸಿಗುವುದು ಅದು. ಗೊರಟಿನ ಒಳಗೆ ಬೀಜ ಕೂರುವ ಸಣ್ಣ ಕೋಣೆಗಳಿರುತ್ತವೆ. ಎಷ್ಟು ಕೋಣೆಯೋ ಹೊರಗೆ ಸಾಮಾನ್ಯವಾಗಿ ಅಷ್ಟೇ ಗೆರೆ, ಅಷ್ಟೇ ಮುಖ. ಮರದಲ್ಲಿ ಬಿಡುವ ಕಾಯಿಗಳಲ್ಲಿ ಹೆಚ್ಚಿನವು ಐದು ಮುಖಿ. ಹಾಗಾಗಿ ಐದು ಮುಖಿ ಅಗ್ಗ, ಅದನ್ನು ನಕಲು ಮಾಡಿ ಯಾರಿಗೂ ಹೆಚ್ಚಿಗೆ ಸಿಗುವುದಿಲ್ಲ. ಮುಖ ಹೆಚ್ಚಿದಂತೆ ಬೆಲೆ ಏರುತ್ತದೆ. ಮೋಸ ನಡೆಯುವುದು ಅಲ್ಲೇ: ಅಸಲಿ ಗೊರಟು, ಸುಳ್ಳು ಎಣಿಕೆ.

ನೀರಿನ ಪರೀಕ್ಷೆ ಇದನ್ನು ಹಿಡಿಯಲಾರದು. ಚೆನ್ನಾಗಿ ಒಣಗಿದ ಅಸಲಿ ರುದ್ರಾಕ್ಷಿ ತೇಲಬಹುದು, ಎಣ್ಣೆ ಕುಡಿದದ್ದು ಮುಳುಗಬಹುದು. ಅಡಿಕೆ ಕೆತ್ತಿ ಮಾಡಿದ ನಕಲಿಯೂ ಮುಳುಗುತ್ತದೆ. ನಿಮ್ಮದರಲ್ಲಿ ಗೊರಟು ಅಸಲಿಯೇ ಆಗಿರುವಾಗ ಮುಳುಗಿದರೇನು, ತೇಲಿದರೇನು? ನಾಣ್ಯದ್ದೂ ಅಷ್ಟೇ. ಉಬ್ಬುತಗ್ಗಿನ ಗುಂಡನ್ನು ಎರಡು ಬಿಲ್ಲೆಗಳ ನಡುವೆ ಒತ್ತಿದಾಗ ಮೇಲಿನ ಬೆರಳು, ಕೆಳಗಿನ ಬೆರಳು ಒಂದೇ ನೇರಕ್ಕೆ ಇರುವುದಿಲ್ಲ. ಗುಂಡು ಸುಲಭವಾಗಿ ಹೊರಳುತ್ತದೆ. ಒಣಗಿದ ಬೋರೆ ಬೀಜ ಇಟ್ಟು ನೋಡಿ, ಅದೂ ತಿರುಗೀತು.

ಈಗ ಗೆರೆಗೆ ಬರೋಣ. ಮೊದಲು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಸೋಪು ನೀರಲ್ಲಿ ತಿಕ್ಕಿ ತೊಳೆದು, ನೆರಳಲ್ಲಿ ಒಂದು ದಿನ ಒಣಗಿಸಿ. ಇದನ್ನು ಬಿಡಬೇಡಿ. ಎಣ್ಣೆ, ಗಂಧ, ಕುಂಕುಮ ಮೆತ್ತಿಕೊಂಡಿದ್ದರೆ ಕೊರೆದ ಜಾಗವೂ ಹಳೆಯದಾಗಿ ಕಾಣುತ್ತದೆ. ಬೆಳ್ಳಿಯ ಟೊಪ್ಪಿ ಹಾಕಿಸಿದ್ದರೆ ತೆಗೆಸಿ, ಗೆರೆಯ ತುದಿ ಮುಚ್ಚಿಹೋಗಿರುತ್ತದೆ. ಅಕ್ಕಸಾಲಿಗರು ಕಣ್ಣಿಗಿಟ್ಟು ನೋಡುವ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ಫೋಟೊ ತೆಗೆದು ದೊಡ್ಡದು ಮಾಡಿ. ಬೆಳಕು ಪಕ್ಕದಿಂದ ಬೀಳಲಿ.

ಒಂದು ಗೆರೆಯ ಪಕ್ಕ ಪೆನ್ಸಿಲ್ ಚುಕ್ಕಿ ಇಟ್ಟು, ಮೇಲಿನ ತೂತಿನಿಂದ ಕೆಳಗಿನ ತೂತಿನವರೆಗೆ ಹಿಂಬಾಲಿಸಿ. ಹುಟ್ಟಿನಿಂದ ಬಂದ ಗೆರೆ ನಡುವೆ ಎಲ್ಲೂ ನಿಲ್ಲದೆ ಎರಡೂ ತುದಿ ಮುಟ್ಟುತ್ತದೆ. ಆದರೆ ಹಾದಿ ನೇರ ಇರುವುದಿಲ್ಲ: ಸ್ವಲ್ಪ ಓಲಾಡುತ್ತದೆ, ಒಂದು ಕಡೆ ಆಳ, ಇನ್ನೊಂದು ಕಡೆ ಕಿರಿದು. ಅಕ್ಕಪಕ್ಕದ ಮುಳ್ಳುಮುಳ್ಳಾದ ಉಬ್ಬುಗಳು ಗೆರೆಯ ಅಂಚಿಗೆ ಬಂದು ತಾವಾಗಿಯೇ ಇಳಿದು ಮುಗಿಯುತ್ತವೆ. ಕೊರೆದ ಗೆರೆಯಲ್ಲಿ ಉಬ್ಬು ತುಂಡಾಗಿರುತ್ತದೆ. ಅರ್ಧ ಉಬ್ಬು ಈ ಕಡೆ, ಅದರದೇ ಇನ್ನರ್ಧ ಆ ಕಡೆ. ಎರಡನ್ನೂ ಮನಸ್ಸಿನಲ್ಲೇ ಕೂಡಿಸಿದರೆ ಒಂದು ಪೂರ್ತಿ ಉಬ್ಬು ಆಗುತ್ತದೆ. ಗೆರೆಯ ತಳ ಒಂದೇ ಅಗಲ, ಬಣ್ಣ ಉಳಿದ ಗೆರೆಗಳಿಗಿಂತ ತಿಳಿ ಅಥವಾ ಬಳಿದ ಹಾಗೆ ಒಂದೇ ಸಮ. ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಈ ತುಂಡಾದ ಉಬ್ಬಿನ ಮೇಲೆ. ಬಣ್ಣವನ್ನು ಬಳಿದು ಹೊಂದಿಸಬಹುದು, ಉಬ್ಬನ್ನು ಮತ್ತೆ ಬೆಳೆಸಲು ಆಗುವುದಿಲ್ಲ.

ನಿಮ್ಮ ಫೋಟೊದಲ್ಲಿ ಮೇಲಿನ ತೂತಿನ ಸುತ್ತ ಒಂಬತ್ತು ಗೆರೆ ಎಣಿಸಿದೆ. ಐದು ಆಳವಾಗಿವೆ, ನಾಲ್ಕು ತೆಳು. ಆಳದ ಐದರ ನಡುವೆ ಐದು ಪಾಲು ಇರಬೇಕಲ್ವಾ? ಅದರಲ್ಲಿ ನಾಲ್ಕು ಪಾಲಿನ ನಡುವೆ ಒಂದೊಂದು ತೆಳು ಗೆರೆ ಇದೆ. ಐದನೇ ಪಾಲು ಹಾಗೇ ಉಳಿದು, ಬೇರೆಯವುಗಳ ಹೆಚ್ಚೂಕಮ್ಮಿ ಎರಡರಷ್ಟು ಅಗಲ ಕಾಣುತ್ತಿದೆ. ಐದಕ್ಕೆ ನಾಲ್ಕು ಸೇರಿಸಿ ಒಂಬತ್ತು ಮಾಡುವವರಿಗೆ ಒಂದು ಪಾಲು ಹೀಗೆ ಉಳಿಯಲೇಬೇಕು. ಇನ್ನು ತೆಳು ಗೆರೆಗಳಲ್ಲಿ ಎರಡು ತೂತಿನ ಅಂಚು ಮುಟ್ಟುವ ಮೊದಲೇ ನಿಂತಿವೆ. ಸಹಜ ರುದ್ರಾಕ್ಷಿಯಲ್ಲೂ ಮುಖಗಳ ಅಗಲ ಒಂದೇ ಸಮ ಇರುವುದಿಲ್ಲ, ಹಾಗಾಗಿ ಬರೀ ಅಗಲ ನೋಡಿ ನಕಲಿ ಎಂದು ಹೇಳಬಾರದು. ಇಲ್ಲಿ ಎರಡು ಗುರುತು ಒಟ್ಟಿಗೆ ಬಂದಿವೆ. ಆ ನಾಲ್ಕು ಗೆರೆಗಳ ಪಕ್ಕ ತುಂಡಾದ ಉಬ್ಬು ಇದೆಯಾ ಅಂತ ನೀವು ನೋಡಿದರೆ ಮೂರನೆಯದೂ ಸೇರುತ್ತದೆ.

ಪೂರ್ತಿ ಖಚಿತ ಆಗಬೇಕಾದರೆ ಎಕ್ಸ್‌ರೇ. ಹಲ್ಲಿನ ಡಾಕ್ಟರ ಬಳಿಯ ಚಿಕ್ಕ ಎಕ್ಸ್‌ರೇ ಸಾಕಾಗುತ್ತದೆ, ಕೇಳಿ ನೋಡಿ. ರುದ್ರಾಕ್ಷಿಯನ್ನು ಮಲಗಿಸಿ ತೆಗೆದರೆ ಕೋಣೆಗಳು ಒಂದರ ಮೇಲೊಂದು ಬಿದ್ದು ಎಣಿಸಲು ಆಗುವುದಿಲ್ಲ. ತೂತು ಮೇಲೆ ಕೆಳಗೆ ಬರುವಂತೆ ನಿಲ್ಲಿಸಿ, ಮೇಲಿನಿಂದ ತೆಗೆಸಬೇಕು. ಆಗ ನಡುವಿನ ತೂತಿನ ಸುತ್ತ ಕೋಣೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಐದು ಕೋಣೆ ಕಂಡರೆ ನಿಮ್ಮದು ಐದು ಮುಖಿ. ಒಂದೆರಡು ಕೋಣೆಯಲ್ಲಿ ಬೀಜ ಬೆಳೆಯದೆ ಚಿಕ್ಕದಾಗಿ ಉಳಿಯುವುದುಂಟು. ಆದ್ದರಿಂದ ಎಂಟು ಕಂಡು ಒಂಬತ್ತನೆಯದು ಮಸುಕಾಗಿದ್ದರೆ ಗಾಬರಿ ಬೇಡ, ಸಿ.ಟಿ. ಸ್ಕ್ಯಾನ್ ಮಾಡುವ ರತ್ನ ಪರೀಕ್ಷಾ ಕೇಂದ್ರಕ್ಕೆ ಕಳಿಸಬಹುದು. ಐದಕ್ಕೂ ಒಂಬತ್ತಕ್ಕೂ ಮಾತ್ರ ಅಂಥ ಗೊಂದಲ ಆಗುವುದಿಲ್ಲ.

ಬೇರೆ ನಕಲಿಗಳ ಬಗ್ಗೆಯೂ ಮಲೆನಾಡಿನವರು ಪದೇಪದೇ ಕೇಳುವುದರಿಂದ ಎರಡು ಮಾತು. ಅಡಿಕೆಯಿಂದ ಕೆತ್ತಿದ್ದನ್ನು ನೀವು ಬೇಗ ಹಿಡಿಯುತ್ತೀರಿ. ತೂತಿನ ಒಳಗೆ, ಸವೆದ ಅಂಚಿನಲ್ಲಿ ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡಿದಾಗ ಕಾಣುವ ಬಿಳಿ ಕಂದು ಹೆಣಿಗೆಯೇ ಕಾಣುತ್ತದೆ. ರುದ್ರಾಕ್ಷಿಯಲ್ಲಿ ಅದು ಇರುವುದೇ ಇಲ್ಲ. ಗೌರಿಶಂಕರ ಎನ್ನುವ ಜೋಡಿ ರುದ್ರಾಕ್ಷಿಯ ನಕಲಿಯಲ್ಲಿ ಎರಡನ್ನು ಅಂಟಿಸಿರುತ್ತಾರೆ. ಕೂಡುವ ಜಾಗದಲ್ಲಿ ಹೊಳಪಿನ ಗೆರೆ ಇದೆಯಾ, ಎರಡೂ ಕಡೆಯ ಉಬ್ಬು ಒಂದನ್ನೊಂದು ಮುಂದುವರಿಸುತ್ತವೆಯಾ ಅಂತ ನೋಡಿ. ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಹಿಡಿದರೆ ಕೆಲವು ಅಂಟು ಹೊಳೆಯುತ್ತದೆ. ಬಿಸಿ ನೀರಲ್ಲಿ ನೆನೆಸಿದರೆ ಕೆಲವು ಅಂಟು ಬಿಡುತ್ತದೆ, ಆದರೆ ಎಪಾಕ್ಸಿ ಬಿಡುವುದಿಲ್ಲ. ಸುಮ್ನೆ ಕುದಿಸಿ ಒಳ್ಳೆಯ ರುದ್ರಾಕ್ಷಿಯನ್ನು ಹಾಳು ಮಾಡಬೇಡಿ.

ಏಕಮುಖಿ ಎಂದು ಗೋಡಂಬಿ ಆಕಾರದ್ದನ್ನು ಮಾರುತ್ತಾರೆ. ಅದು ಬೇರೆ ಮರದ ಗೊರಟು. ನಮ್ಮ ಘಟ್ಟದ ಕಾಡಲ್ಲೂ ರುದ್ರಾಕ್ಷಿ ಎಂದೇ ಕರೆಯುವ ಮರ ಇದೆ. ಕುಲ ಅದೇ ಎಲಿಯೋಕಾರ್ಪಸ್, ಜಾತಿ ಬೇರೆ. ನೇಪಾಳ, ಜಾವಾದಿಂದ ಬರುವ ದುಂಡು ರುದ್ರಾಕ್ಷಿಯ ಬೆಲೆಯನ್ನು ಅದಕ್ಕೆ ಕೊಡಬೇಕಿಲ್ಲ.

ಅಂಗಡಿಯವರು ಬಿಲ್ ಕೊಟ್ಟಿದ್ದರೆ ಎಕ್ಸ್‌ರೇ ಹಿಡಿದು ಹಣ ವಾಪಸ್ ಕೇಳಿ. ಅವರೂ ಬೇರೆಯವರಿಂದ ಕೊಂಡು ಗೊತ್ತಿಲ್ಲದೆ ಮಾರಿರಬಹುದು, ಮೊದಲು ಸಮಾಧಾನವಾಗಿಯೇ ಮಾತಾಡಿ. ಕೊಡದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಬಿಲ್ ಇಲ್ಲದಿದ್ದರೆ ಅದು ಕಷ್ಟ. ಮುಂದೆ ಐದಾರು ಮುಖಿಗಿಂತ ಹೆಚ್ಚಿನದ್ದು ಕೊಳ್ಳುವಾಗ ಬಿಲ್‌ನಲ್ಲಿ "ಸಹಜ, ಒಂಬತ್ತು ಮುಖಿ, ಎಕ್ಸ್‌ರೇಯಲ್ಲಿ ಕೋಣೆ ಕಡಿಮೆ ಬಂದರೆ ವಾಪಸ್" ಎಂದು ಬರೆಸಿಕೊಳ್ಳಿ.