ಪ್ರಾಯೋಜಕತ್ವದ ಪತ್ರದಲ್ಲಿ ಕೇಳಿಕೆ ಸ್ಪಷ್ಟವಾಗಿರಲಿ

"ಕಾಲೇಜಿನ ಚಿತ್ರೋತ್ಸವಕ್ಕೆ ಪ್ರಾಯೋಜಕತ್ವ ಕೋರಿ ಊರಿನ ಅಂಗಡಿಗಳಿಗೆ ಪತ್ರ ಕೊಟ್ಟಿದ್ದೇವೆ, ಯಾರೂ ಉತ್ತರಿಸಿಲ್ಲ. ಏನು ಬದಲಿಸಬೇಕು?"

'ತಮ್ಮ ಕೈಲಾದ ನೆರವು ನೀಡಿ' ಎಂದು ಬರೆದಿದ್ದರೆ ಮೊದಲು ಅದನ್ನು ತೆಗೆಯಿರಿ; ಎಷ್ಟು ಕೊಡಬೇಕೆಂದು ಮಾಲೀಕರೇ ಊಹಿಸಬೇಕಾದಾಗ ಪತ್ರ ಪಕ್ಕಕ್ಕೆ ಸರಿಯುತ್ತದೆ. ಉದಾಹರಣೆಗೆ, ಪುಸ್ತಕದಂಗಡಿಗೆ ಬರೆಯುವಾಗ, 'ಚಿತ್ರಕಥೆ ಸ್ಪರ್ಧೆಯ ಬಹುಮಾನದ ವೆಚ್ಚವನ್ನು ತಾವು ವಹಿಸಿಕೊಳ್ಳಬೇಕೆಂದು ಕೋರುತ್ತೇವೆ. ಪ್ರತಿಯಾಗಿ ಪ್ರತಿ ಪ್ರದರ್ಶನಕ್ಕೂ ಮುನ್ನ 10 ಸೆಕೆಂಡು ತಮ್ಮ ಅಂಗಡಿಯ ಹೆಸರನ್ನು ಪರದೆಯ ಮೇಲೆ ತೋರಿಸುತ್ತೇವೆ' ಎಂದು ಮೊತ್ತವನ್ನೂ ಸೇರಿಸಿ ಮೊದಲ ಪ್ಯಾರಾದಲ್ಲೇ ತಿಳಿಸಿ. ಪ್ರೇಕ್ಷಕರ ಸಂಖ್ಯೆಯನ್ನು ಸಭಾಂಗಣದ ಆಸನಗಳಿಗೆ ತಕ್ಕಂತೆ ಹೇಳಿ, ಏಕೆಂದರೆ ಉತ್ಪ್ರೇಕ್ಷೆಯನ್ನು ವ್ಯಾಪಾರಿಗಳು ಬೇಗ ಗುರುತಿಸುತ್ತಾರೆ. ಹಣ ಕಾಲೇಜಿನ ಖಾತೆಗೇ ಸೇರುತ್ತದೆ, ರಸೀದಿ ಸಿಗುತ್ತದೆ ಎಂಬುದನ್ನು ಪ್ರಾಂಶುಪಾಲರ ಸಹಿಯೊಂದಿಗೆ ಖಚಿತಪಡಿಸಿ. ಪೋಸ್ಟರ್ ಮುದ್ರಣಕ್ಕೆ ಹೋಗುವ ದಿನಾಂಕವನ್ನೇ ಉತ್ತರದ ಗಡುವಾಗಿ ನೀಡಿ.